ಮೊದಲು ಹಣದ ಮಾತು, ಆಮೇಲೆ ಸಮೋಸದ ಲೆಕ್ಕ

ನಿಮ್ಮ ಆಪ್ತ ಗೆಳತಿಯೊಬ್ಬಳು ಒಂದು ಸಂಜೆ ನಿಮ್ಮ ಮನೆಗೆ ಬಂದು, ಚಹಾ ಕುಡಿದು, ಮಕ್ಕಳ ಓದಿನ ಬಗ್ಗೆ ವಿಚಾರಿಸಿ, ಕೊನೆಗೆ "ನಾನೊಂದು ವ್ಯಾಪಾರ ಶುರು ಮಾಡಬೇಕೆಂದಿದ್ದೇನೆ, ನಿನಗೇನನ್ನಿಸುತ್ತದೆ?" ಎಂದು ಕೇಳಿದರೆ ನೀವೇನು ಹೇಳುವಿರಿ? ಆ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಅಡಗಿದೆ ಎಂಬುದು ನಿಮಗೂ ಗೊತ್ತು, ಅವಳಿಗೂ ಗೊತ್ತು. ಅಭಿಪ್ರಾಯ ಕೇಳುತ್ತಿರುವುದು ನಿಜ. ಆದರೆ ಆ ಅಭಿಪ್ರಾಯದ ಜೊತೆಗೆ ಒಂದಷ್ಟು ಹಣವೂ ಬರಬಹುದು ಎಂಬ ಆಸೆ ಅವಳ ಕಣ್ಣಿನಲ್ಲಿರುತ್ತದೆ.

ನಮ್ಮಲ್ಲಿ ಹೆಚ್ಚಿನವರು ಇಂಥ ಹೊತ್ತಿನಲ್ಲಿ ಸುಲಭದ ದಾರಿ ಹಿಡಿಯುತ್ತಾರೆ. "ಮಾಶಾ ಅಲ್ಲಾಹ್, ತುಂಬಾ ಒಳ್ಳೆಯ ಯೋಚನೆ" ಎಂದು ಹೊಗಳಿ, ಹಣದ ಮಾತು ಬಂದಾಗ "ನಮ್ಮವರು ಒಪ್ಪುವುದಿಲ್ಲ" ಎಂದು ಗಂಡಂದಿರ ತಲೆಗೆ ಕಟ್ಟಿ ಪಾರಾಗುತ್ತಾರೆ. ಪಾಪ, ಅವರಿಗೆ ಆ ವಿಷಯವೇ ಗೊತ್ತಿರುವುದಿಲ್ಲ! ಮೇಲ್ನೋಟಕ್ಕೆ ಇದರಿಂದ ಯಾರಿಗೂ ನೋವಾಗಲಿಲ್ಲ ಎಂದು ತೋರುತ್ತದೆ. ಆದರೆ ಗೆಳತಿ ಮನೆಗೆ ಹೋಗುವಾಗ ನಿಮ್ಮ ಹೊಗಳಿಕೆಯನ್ನು ಜೊತೆಗೆ ಕೊಂಡೊಯ್ಯುತ್ತಾಳೆ. "ಟೀಚರ್ ಕೂಡ ಒಳ್ಳೆಯ ಯೋಚನೆ ಎಂದರು" ಎಂದು ಮನೆಯವರಿಗೆ ಹೇಳುತ್ತಾಳೆ. ನಿಮ್ಮ ಹಣ ಸಿಗಲಿಲ್ಲವೆಂದು ಅವಳು ಸುಮ್ಮನಾಗುವುದಿಲ್ಲ, ಕೈಬಳೆ ಅಡವಿಡುತ್ತಾಳೆ, ಇಲ್ಲವೇ ವಾರದ ಕಂತಿನ ಸಾಲಕ್ಕೆ ಸಹಿ ಹಾಕುತ್ತಾಳೆ. ನಿಮ್ಮ ಎರಡು ಲಕ್ಷ ನಿಮ್ಮ ಬಳಿಯೇ ಉಳಿದಿರುತ್ತದೆ, ಅವಳ ಬಳೆ ಹೋಗಿರುತ್ತದೆ.

ಸಲಹೆ ಕೇಳಿದವರ ವಿಷಯ ನಮ್ಮ ಕೈಯಲ್ಲಿರುವ ಅಮಾನತ್ತು ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಮದ್ರಸದಲ್ಲಿ ಇದನ್ನು ಓದುವಾಗ ಅಮಾನತ್ತು ಎಂದರೆ ಯಾರೋ ಇಡಲು ಕೊಟ್ಟ ಹಣ, ಒಡವೆ ಎಂದಷ್ಟೇ ನಮ್ಮ ಮನಸ್ಸಿಗೆ ಬರುತ್ತಿತ್ತು. ಒಂದು ಮಾತು ಕೂಡ ಅಷ್ಟೇ ಬೆಲೆಯ ವಸ್ತು ಎಂಬುದು ನನಗೆ ಸರಿಯಾಗಿ ಅರ್ಥವಾದದ್ದು ನನ್ನ ಗೆಳತಿಯ ಸಮೋಸದ ಲೆಕ್ಕ ನೋಡುವಾಗ.

ಆ ಲೆಕ್ಕವನ್ನೇ ನಿಮ್ಮ ಮುಂದಿಡುತ್ತೇನೆ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಹೆಸರು ಮಾತ್ರ ಬೇಡ ಎಂದಿದ್ದಾಳೆ.

ನಮ್ಮ ಕರಾವಳಿಯ ಊರುಗಳಲ್ಲಿ ರಮಝಾನ್ ಬಂತೆಂದರೆ ಇಫ್ತಾರಿನ ಸುಪ್ರದಲ್ಲಿ ಸಮೋಸ ಇರಲೇಬೇಕು. ಉಪವಾಸ ಹಿಡಿದು ದಿನವೂ ಮಾಡುವುದು ಕಷ್ಟ. ಹೀಗಾಗಿ ಕರಿಯದೆ ಫ್ರೀಜರಿನಲ್ಲಿಟ್ಟ ಸಮೋಸದ ಪ್ಯಾಕೆಟುಗಳಿಗೆ ಈಗ ಬೇಡಿಕೆ ಇದೆ. ನನ್ನ ಗೆಳತಿಯ ಕೈರುಚಿ ಹೆಸರಾದದ್ದು. ಅವಳು ಒಂದು ರಮಝಾನಿನಲ್ಲಿ ಮನೆಯಲ್ಲೇ ಕೋಳಿ ಸಮೋಸ ಮಾಡಿ, ಇಪ್ಪತ್ತರ ಪ್ಯಾಕೆಟು 240 ರೂಪಾಯಿಯಂತೆ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೇಳಿ ಮಾರಿದಳು. ಒಂದೇ ತಿಂಗಳಲ್ಲಿ 300 ಪ್ಯಾಕೆಟು ಹೋಯಿತು. ಒಂದು ಪ್ಯಾಕೆಟಿಗೆ ಸಮೋಸ ಪಟ್ಟಿಗೆ 40, ಕೋಳಿ ಮಾಂಸಕ್ಕೆ 60, ಈರುಳ್ಳಿ, ಹಸಿಮೆಣಸು, ಕೊತ್ತಂಬರಿ, ಮಸಾಲೆಗೆ 20, ಎಣ್ಣೆ ಮತ್ತು ಗ್ಯಾಸಿಗೆ 8, ಕವರು ಮತ್ತು ಚೀಟಿಗೆ 7, ಹೀಗೆ 135 ರೂಪಾಯಿ ಖರ್ಚು. ಉಳಿದದ್ದು 105. ತಿಂಗಳಿಗೆ 31,500 ರೂಪಾಯಿ.

ಇದನ್ನು ಹನ್ನೆರಡರಿಂದ ಗುಣಿಸಿದಾಗ ಮೂರೂ ಮುಕ್ಕಾಲು ಲಕ್ಷ ದಾಟಿತು. ಅಲ್ಲಿಂದ ಅವಳಿಗೆ ನಿದ್ರೆ ಇಲ್ಲ. ರಸ್ತೆ ಬದಿಯ ಒಂದು ಕೋಣೆಗೆ ಮುಂಗಡ 50,000, ಎರಡು ಡೀಪ್ ಫ್ರೀಜರಿಗೆ 60,000, ಪಟ್ಟಿಯ ಹಿಟ್ಟು ಲಟ್ಟಿಸುವ ಯಂತ್ರಕ್ಕೆ 1,20,000, ಮೇಜು, ಪಾತ್ರೆ, ಕವರು ಸೀಲ್ ಮಾಡುವ ಯಂತ್ರಕ್ಕೆ 30,000, ಮೊದಲ ಸಾಮಾನಿಗೆ 40,000. ಒಟ್ಟು ಮೂರು ಲಕ್ಷ. ಇದರಲ್ಲಿ ಒಂದು ಲಕ್ಷಕ್ಕೆ ತನ್ನ ಎರಡು ಬಳೆ ಅಡವಿಡುತ್ತೇನೆ, ಎರಡು ಲಕ್ಷ ನೀನು ಹಾಕು, ತಿಂಗಳಿಗೆ ತಪ್ಪದೆ 5,000 ರೂಪಾಯಿ ಲಾಭ ಕೊಡುತ್ತೇನೆ ಎಂದಳು.

ನನ್ನ ಬಳಿ ಎರಡು ಲಕ್ಷ ಇತ್ತು. ಸಂಬಳದಲ್ಲಿ ಉಳಿಸಿ ಮಗಳ ಕಾಲೇಜಿಗೆಂದು ತೆಗೆದಿಟ್ಟದ್ದು. ನಾನು ಅವಳಿಗೆ ಮೊದಲು ಹೇಳಿದ ಮಾತು ಇದು: "ಹಣ ಇದೆ, ಆದರೆ ಅದು ಮಗಳ ಫೀಸಿನದು. ಅದನ್ನು ಯಾವ ವ್ಯಾಪಾರಕ್ಕೂ ಹಾಕಲಾರೆ, ನಿನ್ನ ವ್ಯಾಪಾರ ಎಷ್ಟೇ ಒಳ್ಳೆಯದಿರಲಿ. ಈಗ ಹೇಳು, ನಿನ್ನ ಲೆಕ್ಕವನ್ನು ಇಬ್ಬರೂ ಕೂತು ನೋಡೋಣವೇ ಬೇಡವೇ?"

ಈ ಕ್ರಮದ ಬಗ್ಗೆ ಸ್ವಲ್ಪ ಹೇಳಬೇಕು. ಏಕೆಂದರೆ ಸಾಮಾನ್ಯವಾಗಿ ನಾವು ಇದನ್ನು ತಿರುಗಾಮುರುಗಾ ಮಾಡುತ್ತೇವೆ. ಮೊದಲು ಯೋಜನೆಯ ಕೊರತೆಗಳನ್ನು ಒಂದೊಂದಾಗಿ ಹೇಳಿ ಕೊನೆಗೆ ಹಣ ಇಲ್ಲ ಎಂದರೆ, ಹಣ ಕೊಡದಿರಲು ಇವಳು ತಪ್ಪು ಹುಡುಕಿದಳು ಎಂದು ಎದುರಿನವಳಿಗೆ ಅನಿಸುವುದು ಸಹಜ. ನೀವು ಹೇಳಿದ ಹತ್ತು ಮಾತುಗಳಲ್ಲಿ ಒಂಬತ್ತು ಸತ್ಯವಾಗಿದ್ದರೂ ಅವಳಿಗೆ ಅವೆಲ್ಲ ನೆಪಗಳಾಗಿ ಕೇಳಿಸುತ್ತವೆ. ಮೊದಲು ಹೊಗಳಿ ಆಮೇಲೆ ಇಲ್ಲವೆಂದರೆ, "ಅಷ್ಟು ಒಳ್ಳೆಯದಾದರೆ ನೀನೇಕೆ ಹಾಕುವುದಿಲ್ಲ?" ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. ಹಣದ ಉತ್ತರ ಮೊದಲೇ ಮುಗಿದುಹೋದರೆ ಉಳಿದ ಮಾತಿಗೆ ಸ್ವಾತಂತ್ರ್ಯ ಬರುತ್ತದೆ. ನಿಮ್ಮ ಅಭಿಪ್ರಾಯದಿಂದ ನಿಮಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂಬುದು ಅವಳಿಗೆ ಕಾಣುತ್ತದೆ.

ಸುಳ್ಳು ನೆಪದ ಇನ್ನೊಂದು ತೊಂದರೆಯೂ ಇದೆ. "ಈಗ ಕೈಯಲ್ಲಿಲ್ಲ" ಎಂದರೆ ಮುಂದಿನ ತಿಂಗಳು ಮತ್ತೆ ಬರುತ್ತಾಳೆ. "ನಮ್ಮವರು ಒಪ್ಪುವುದಿಲ್ಲ" ಎಂದರೆ ತನ್ನ ಗಂಡನನ್ನು ನಿಮ್ಮ ಗಂಡನ ಬಳಿ ಕಳಿಸುತ್ತಾಳೆ. ನಿಜವಾದ ಕಾರಣಕ್ಕೆ ಇಂಥ ಬಾಲ ಇರುವುದಿಲ್ಲ.

ಹಾಗಾದರೆ ಹಣ ಹಾಕುವ ಮನಸ್ಸು ನಿಜವಾಗಿಯೂ ಇದ್ದರೆ? ಆಗಲೂ ಅದನ್ನೇ ಮೊದಲು ಹೇಳಬೇಕು. "ಲೆಕ್ಕ ನೋಡಿದ ಮೇಲೆ ತೀರ್ಮಾನಿಸುತ್ತೇನೆ, ಹಾಕಿದರೂ ಇಷ್ಟಕ್ಕಿಂತ ಹೆಚ್ಚು ಹಾಕಲಾರೆ" ಎಂದು. ಆ 'ಇಷ್ಟು' ಎಂಬುದು ಪೂರ್ತಿ ಮುಳುಗಿದರೂ ನಿಮ್ಮ ಮನೆ ನಡೆಯುವಂತಹ, ಗೆಳತಿಯ ಮುಖ ನೋಡಿದಾಗ ಹೊಟ್ಟೆ ಉರಿಯದಂತಹ ಮೊತ್ತವಾಗಿರಬೇಕು.

ನನ್ನ ಮಾತು ಕೇಳಿ ಅವಳ ಮುಖ ಬಾಡಿತು. "ಇಲ್ಲ, ಹೊತ್ತಾಯಿತು" ಎಂದು ಎದ್ದುಹೋದಳು. ನಾನು ತಡೆಯಲಿಲ್ಲ, ಮರುದಿನ ಫೋನ್ ಮಾಡಿ ಸಮಾಧಾನಪಡಿಸಲೂ ಹೋಗಲಿಲ್ಲ. ನಾಲ್ಕು ದಿನ ಕಳೆದ ಮೇಲೆ ಅವಳೇ ಬಂದಳು. ಕೈಯಲ್ಲಿ ಅವಳ ನೋಟ್ ಬುಕ್ ಇತ್ತು.

ಸಹೋದರಿಯರೇ, ಯಾವ ಸಣ್ಣ ವ್ಯಾಪಾರದ ಬಗ್ಗೆಯಾದರೂ ಅಭಿಪ್ರಾಯ ಹೇಳುವ ಮೊದಲು ಇಂಥ ಪುಸ್ತಕವನ್ನು ಕೇಳಿ ನೋಡಿ. ಯೋಜನೆ ಎಲ್ಲರ ಬಾಯಲ್ಲೂ ಚೆಂದವೇ. ಪುಸ್ತಕ ಆಗಿಹೋದದ್ದನ್ನು ಹೇಳುತ್ತದೆ. ಅವಳ ಪುಸ್ತಕದಲ್ಲಿ ರಮಝಾನಿನ ಪುಟಗಳು ಎಣ್ಣೆಯ ಕಲೆ ಹಿಡಿದು, ಅಂಚಿನವರೆಗೆ ತುಂಬಿದ್ದವು. ಶವ್ವಾಲಿನ ಪುಟದಲ್ಲಿ ನಾಲ್ಕೇ ಸಾಲು, 14 ಪ್ಯಾಕೆಟು. ಅದರ ಮುಂದಿನ ತಿಂಗಳು 22, ಆಮೇಲೆ 19. ನನ್ನಲ್ಲಿಗೆ ಬರುವ ಹಿಂದಿನ ತಿಂಗಳು 25. ಗುಣಿಸಬೇಕಾದರೆ ಯಾವುದನ್ನು ಗುಣಿಸಬೇಕು ಎಂದು ನಾನು ಕೇಳಲಿಲ್ಲ. ಅವಳೇ ಪುಟ ಮಗುಚುತ್ತಾ ಸುಮ್ಮನಾದಳು.

ನಾನು ಕೇಳಿದ್ದು ಬೇರೊಂದು ಪ್ರಶ್ನೆ. ರಮಝಾನಿನಲ್ಲಿ ಕೊಂಡ ಮನೆಗಳೆಷ್ಟು? ಹೆಸರು ಬರೆದಿಟ್ಟಿದ್ದಳು, ಎಣಿಸಿದಾಗ 64. ಆ ಮೇಲೆ ಮತ್ತೆ ಹಣ ಕೊಟ್ಟು ಕೊಂಡವರು? 11. ಅವಳ ಸಮೋಸ ರುಚಿಯಾಗಿದೆ ಎಂಬುದರಲ್ಲಿ ನನಗಾಗಲಿ ಊರಿಗಾಗಲಿ ಸಂಶಯವಿಲ್ಲ, ಅದನ್ನು ಬಾಯಿತುಂಬಾ ಹೇಳಿದೆ. ಆದರೆ ಇಫ್ತಾರಿಗೆ ಕರೆದಾಗ ಹೊಗಳುವುದಕ್ಕೆ ಯಾರಿಗೂ ಖರ್ಚಿಲ್ಲ. ಎರಡನೇ ಸಲ 240 ರೂಪಾಯಿ ಕೊಟ್ಟವರ ಹೊಗಳಿಕೆಯನ್ನು ಮಾತ್ರ ವ್ಯಾಪಾರದ ಲೆಕ್ಕಕ್ಕೆ ಹಿಡಿಯಬೇಕು. ರಮಝಾನ್ ಕಳೆದ ಮೇಲೆ ಜನರಿಗೆ ಸಮೋಸ ಬೇಡವೆಂದಲ್ಲ. ಬೇಕಾದಾಗ ಬೇಕರಿಯಿಂದ ಬಿಸಿಬಿಸಿ ಎರಡು ತರಿಸಿಕೊಳ್ಳುತ್ತಾರೆ. ಮನೆಯಲ್ಲಿ ಕರಿಯಬೇಕಾದ ಇಪ್ಪತ್ತು ಬೇಕಾಗುವುದು ಆ ಒಂದು ತಿಂಗಳಿಗೆ, ಇಲ್ಲವೇ ಮನೆಗೆ ನೆಂಟರು ಬಂದಾಗ.

ಆಮೇಲೆ 105 ರೂಪಾಯಿಯ ಲೆಕ್ಕಕ್ಕೆ ಬಂದೆವು. ಕೋಣೆ ತೆಗೆದ ಮೇಲೆ ಅಂಗಡಿಗಳಿಗೆ ಕೊಡುತ್ತೇನೆ ಎಂಬುದು ಅವಳ ಯೋಜನೆ. ಅಂಗಡಿಯವರು ಸುಮ್ಮನೆ ಮಾರಿಕೊಡುವುದಿಲ್ಲವಲ್ಲ. ಅವಳು ವಿಚಾರಿಸಿದ ಅಂಗಡಿಯಾತ ನೂರಕ್ಕೆ ಇಪ್ಪತ್ತು ಕೇಳಿದ್ದ. 240ಕ್ಕೆ 48 ರೂಪಾಯಿ ಹೋಯಿತು, ಉಳಿದದ್ದು 57.

"ಒಂದು ಸಲ ಎಷ್ಟು ಪ್ಯಾಕೆಟು ಮಾಡುತ್ತಿದ್ದೆ? ಯಾರೆಲ್ಲ ಕೂತಿರುತ್ತಿದ್ದರು?" ಎಂದೆ. ಅವಳು, ಇಬ್ಬರು ಹೆಣ್ಣುಮಕ್ಕಳು, ನಾದಿನಿ, ನಾಲ್ವರು ನಾಲ್ಕು ಗಂಟೆ ಕೂತರೆ 40 ಪ್ಯಾಕೆಟು. ಕೋಳಿ ಬೇಯಿಸಿ ಎಲುಬು ಬಿಡಿಸುವುದು, ಈರುಳ್ಳಿ ಹೆಚ್ಚುವುದು, ತುಂಬಿ ಮಡಚುವುದು ಎಲ್ಲ ಸೇರಿ. ಅಂದರೆ ಹದಿನಾರು ಗಂಟೆಯ ದುಡಿಮೆ. ದಿನಕ್ಕೆ 400 ರೂಪಾಯಿಗೆ ಕೆಲಸದವರನ್ನು ಕರೆದರೆ ಗಂಟೆಗೆ 50, ಹದಿನಾರು ಗಂಟೆಗೆ 800, ಪ್ಯಾಕೆಟಿಗೆ 20. "ಮನೆಯವರೇ ಮಾಡಿದ್ದಲ್ಲವೇ, ಅದಕ್ಕೇನು ಸಂಬಳ?" ಎಂದಳು. ನಮ್ಮ ಹೆಂಗಸರ ವ್ಯಾಪಾರಗಳಲ್ಲಿ ನಾನು ಕಂಡ ದೊಡ್ಡ ತೂತು ಇದೇ. ನಮ್ಮ ದುಡಿಮೆಗೆ ನಾವೇ ಬೆಲೆ ಕಟ್ಟುವುದಿಲ್ಲ, ಬೇರೆಯವರೇಕೆ ಕಟ್ಟುತ್ತಾರೆ? ರಮಝಾನಿನ ಒಂದು ತಿಂಗಳು ಉತ್ಸಾಹದಿಂದ ಕೂತ ನಾದಿನಿ ವರ್ಷವಿಡೀ ಪುಕ್ಕಟೆ ಕೂರುವುದಿಲ್ಲ. ಹಿರಿಯ ಮಗಳಿಗೆ ಮದುವೆಯ ಮಾತುಕತೆ ನಡೆಯುತ್ತಿದೆ. ಆ 20 ರೂಪಾಯಿ ಕಳೆದಾಗ 37 ಉಳಿಯಿತು.

ಇನ್ನು ಸಮೋಸ ಮಾರಾಟವಾಗಲಿ ಬಿಡಲಿ ತಿಂಗಳಿಗೆ ಕೊಡಲೇಬೇಕಾದದ್ದು. ಕೋಣೆಯ ಬಾಡಿಗೆ 5,000. ಎರಡು ಫ್ರೀಜರಿನ ಕರೆಂಟಿಗೆ 2,500 ಎಂದಿಟ್ಟುಕೊಂಡೆವು. ಅಂಗಡಿಗಳಿಗೆ ಕೊಂಡೊಯ್ಯಲು 2,500. ಒಟ್ಟು 10,000. ಪ್ಯಾಕೆಟಿಗೆ 37 ಉಳಿಯುವಲ್ಲಿ ಈ ಹತ್ತು ಸಾವಿರ ಹುಟ್ಟಲು 270 ಪ್ಯಾಕೆಟು ಹೋಗಬೇಕು. ನನಗೆ ಕೊಡುತ್ತೇನೆಂದ 5,000 ಸೇರಿದರೆ 400ರ ಮೇಲೆ. ಅಂದರೆ ಅವಳ ಅತ್ಯುತ್ತಮ ರಮಝಾನಿಗಿಂತ ಹೆಚ್ಚು, ಪ್ರತಿ ತಿಂಗಳೂ. ಅಷ್ಟು ಮಾರಿದ ಮೇಲೆ ಅವಳ ಕೈಗೆ ಬರುವುದು ಸೊನ್ನೆ. ಅಡವಿಟ್ಟ ಬಳೆಯ ಬಡ್ಡಿ ಇನ್ನೂ ಲೆಕ್ಕಕ್ಕೆ ಬಂದಿರಲಿಲ್ಲ. ಆ ಬಡ್ಡಿಯ ಪಾಪದ ಮಾತನ್ನು ನಾನು ಎತ್ತಲಿಲ್ಲ, ಅದು ಅವಳಿಗೂ ಗೊತ್ತು.

ಹಿಟ್ಟು ಲಟ್ಟಿಸುವ ಯಂತ್ರದ ಮೇಲೆ ಅವಳಿಗೆ ಬಹಳ ಮೋಹವಿತ್ತು. ಬೆಂಗಳೂರಿನಿಂದ ವೀಡಿಯೊ ತರಿಸಿ ನೋಡಿದ್ದಳು. ಪಟ್ಟಿಯನ್ನು ಕೊಂಡರೆ 40, ಯಂತ್ರದಲ್ಲಿ ಮಾಡಿಕೊಂಡರೆ 15, ಹೀಗಾಗಿ ಪ್ಯಾಕೆಟಿಗೆ 25 ಉಳಿತಾಯ ಎಂದಳು. ಸರಿ, ಒಪ್ಪಿದೆ. 1,20,000ದ ಯಂತ್ರದ ಬೆಲೆ ಹೊರಡಲು 4,800 ಪ್ಯಾಕೆಟು ಬೇಕು. ತಿಂಗಳಿಗೆ 300 ಹೋದರೆ ಹದಿನಾರು ತಿಂಗಳು. ಅವಳ ಪುಸ್ತಕದಲ್ಲಿದ್ದಂತೆ 25 ಹೋದರೆ? ನಾನು ಬಿ.ಎ.ಯಲ್ಲಿ ಓದಿದ ಅರ್ಥಶಾಸ್ತ್ರ ಇಷ್ಟು ಬೇಗ ಉಪಯೋಗಕ್ಕೆ ಬಂದದ್ದು ಅಂದೇ. ಹದಿನಾರು ವರ್ಷ. ಇಬ್ಬರಿಗೂ ನಗು ಬಂತು, ಆ ದಿನದ ಮೊದಲ ನಗು.

ಆದರೆ ನಗುವಿನ ಬೆನ್ನಿಗೇ ಅವಳು ಹೇಳಿದಳು: "ನೀನು ಕೊಡುವುದಿಲ್ಲವೆಂದು ಮೊದಲೇ ತೀರ್ಮಾನಿಸಿ ಈಗ ತಪ್ಪು ಹುಡುಕುತ್ತಿದ್ದೀಯಾ."

"ಕೊಡುವುದಿಲ್ಲವೆಂದು ಮೊದಲೇ ಹೇಳಿದ್ದೇನಲ್ಲ. ಇನ್ನು ತಪ್ಪು ಹುಡುಕಿ ನನಗೇನಾಗಬೇಕು?" ಎಂದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಪೆನ್ನು ಕೇಳಿ ತೆಗೆದುಕೊಂಡು, ಉಳಿದ ಲೆಕ್ಕವನ್ನು ತಾನೇ ಬರೆಯತೊಡಗಿದಳು.

ಅವಳು ಕೊಡುತ್ತೇನೆಂದ ತಿಂಗಳ 5,000ದ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕಾಗಿದೆ. ಅದು ಅವಳ ಪ್ರೀತಿಯಿಂದ ಬಂದ ಮಾತು. ಗೆಳತಿಗೆ ನಷ್ಟವಾಗಬಾರದು ಎಂಬುದಷ್ಟೇ ಅವಳ ಮನಸ್ಸಿನಲ್ಲಿದ್ದದ್ದು. ಆದರೆ ವ್ಯಾಪಾರದಲ್ಲಿ ಲಾಭವಾದರೂ ನಷ್ಟವಾದರೂ ಇಷ್ಟು ಹಣ ಬಂದೇ ಬರುತ್ತದೆ ಎಂದರೆ ಅದಕ್ಕೆ ಲಾಭ ಎಂಬ ಹೆಸರಿಟ್ಟ ಮಾತ್ರಕ್ಕೆ ಅದು ಲಾಭವಾಗುವುದಿಲ್ಲ. ಕೊಟ್ಟ ಸಾಲದ ಮೇಲಿನ ಬಡ್ಡಿಯೇ ಆಗುತ್ತದೆ. ಒಬ್ಬರ ಹಣ, ಇನ್ನೊಬ್ಬರ ದುಡಿಮೆ ಎಂಬ ಮುದಾರಬದ ಒಪ್ಪಂದದಲ್ಲಿ ನಿಶ್ಚಿತ ಮೊತ್ತ ಇಲ್ಲ, ಬಂದ ಲಾಭದಲ್ಲಿ ಅರ್ಧವೋ ಮೂರನೇ ಒಂದೋ ಎಂಬ ಪಾಲು ಮಾತ್ರ. ನಷ್ಟವಾದರೆ, ದುಡಿಯುವವರ ಕಡೆಯಿಂದ ಬೇಜವಾಬ್ದಾರಿಯಾಗಲಿ ಒಪ್ಪಂದ ಮುರಿದದ್ದಾಗಲಿ ಇಲ್ಲದಿದ್ದಲ್ಲಿ, ಅದು ಹಣ ಹಾಕಿದವರ ಹಣದಿಂದಲೇ ಹೋಗುತ್ತದೆ. ದುಡಿದವರಿಗೆ ಅವರ ದುಡಿಮೆ ನಷ್ಟ. ಇಬ್ಬರೂ ಹಣ ಹಾಕಿ ಪಾಲುದಾರರಾದರೆ ನಷ್ಟ ಅವರವರು ಹಾಕಿದ ಹಣದ ಪ್ರಮಾಣದಲ್ಲಿ. ಇದರ ವಿವರಗಳನ್ನು ನಿಮ್ಮ ಊರಿನ ಆಲಿಮರಲ್ಲಿ ಕೇಳಿ ತಿಳಿದುಕೊಳ್ಳಿ.

ಧರ್ಮದ ಮಾತು ಹಾಗಿರಲಿ, ಇದರಲ್ಲಿ ವ್ಯವಹಾರದ ಬುದ್ಧಿಯೂ ಇದೆ. ನಿಶ್ಚಿತ ಹಣ ಬರುವುದಾದರೆ ಲೆಕ್ಕ ನೋಡುವ ಅಗತ್ಯವೇ ಯಾರಿಗೂ ಕಾಣುವುದಿಲ್ಲ. ಪಾಲು ಕೇಳುವವರು ಮಾತ್ರ ಪುಸ್ತಕ ಬಿಡಿಸುತ್ತಾರೆ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಬಾಗಿಲು ಮುಚ್ಚಿದಾಗ ಹಣ ಕಳೆದುಕೊಂಡ ಸಾವಿರಾರು ಮುಸ್ಲಿಮ್ ಕುಟುಂಬಗಳಿಗೆ ಅದುವರೆಗೆ ತಿಂಗಳು ತಿಂಗಳು ಸಿಗುತ್ತಿದ್ದದ್ದಕ್ಕೂ 'ಲಾಭ' ಎಂದೇ ಹೆಸರಿತ್ತು. ನನ್ನ ಗೆಳತಿಯ ಸಮೋಸಕ್ಕೂ ಅದಕ್ಕೂ ಹೋಲಿಕೆ ಇಲ್ಲ, ಅವಳು ಯಾರ ಒಂದು ರೂಪಾಯಿಯನ್ನೂ ಮುಟ್ಟುವವಳಲ್ಲ. ಆದರೆ ಮಾರಾಟವಾಗದ ತಿಂಗಳುಗಳಲ್ಲಿ ನನಗೆ 5,000 ಕೊಡಲು ಅವಳು ಇನ್ನೊಬ್ಬರಿಂದ ತರಬೇಕಾಗುತ್ತಿತ್ತು.

ಕೋಳಿಯ ಪದಾರ್ಥವನ್ನು ಫ್ರೀಜರಿನಲ್ಲಿಟ್ಟು ಮಾರುವುದರಲ್ಲಿ ಇನ್ನೊಂದು ಅಪಾಯವಿದೆ. ಅದು ಲೆಕ್ಕದ ಪುಸ್ತಕದಲ್ಲಿ ಸಿಗುವುದಿಲ್ಲ. ಇಂಥ ಆಹಾರ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿರಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳುವಂತಿಲ್ಲ. ತುಂಬಿದ ಫ್ರೀಜರನ್ನು ಬಾಗಿಲು ತೆಗೆಯದೆ ಇಟ್ಟರೆ ಸುಮಾರು ಎರಡು ದಿನ ಚಳಿ ಹಿಡಿದಿಟ್ಟುಕೊಳ್ಳುತ್ತದೆ, ಅರ್ಧ ತುಂಬಿದ್ದರೆ ಒಂದೇ ದಿನ. ಆದರೆ ಅದು ನಮ್ಮ ಮನೆಯ ಫ್ರೀಜರಿನ ಮಾತು. ಅಂಗಡಿಯ ಫ್ರೀಜರ್ ದಿನಕ್ಕೆ ನೂರು ಸಲ ತೆರೆಯುತ್ತದೆ. ಕರೆಂಟು ಬಿಲ್ಲು ಉಳಿಸಲು ರಾತ್ರಿ ಸ್ವಿಚ್ ಆರಿಸಿ ಹೋಗುವ ಅಂಗಡಿಯವರೂ ಇದ್ದಾರೆ. ಬೆಳಗ್ಗೆ ಮತ್ತೆ ಗಟ್ಟಿಯಾಗುವುದರಿಂದ ಮೇಲಿಂದ ನೋಡಿದರೆ ಗೊತ್ತಾಗುವುದಿಲ್ಲ.

ಆದ್ದರಿಂದ ಮೂರು ಲಕ್ಷ ಹಾಕುವ ಮೊದಲು ಒಂದು ತಿಂಗಳು ಪರೀಕ್ಷಿಸಿ ನೋಡು ಎಂದೆ. ಇರುವ ಮನೆಯ ಫ್ರಿಜ್ಜಿನಲ್ಲೇ ಮಾಡಿ, ಈಗಾಗಲೇ ಫ್ರೀಜರ್ ಇರುವ ನಾಲ್ಕು ಅಂಗಡಿಗಳಿಗೆ ಹತ್ತು ಹತ್ತು ಪ್ಯಾಕೆಟು ಕೊಡು, ವಾರಕ್ಕೆರಡು ಸಲ ಹೋಗಿ ನೋಡಿ ಬರೆದುಕೋ. ಮನೆಯಲ್ಲಿ ಮಾಡಿ ಮಾರುವವರಿಗೂ ಆಹಾರ ಸುರಕ್ಷತೆಯ ನೋಂದಣಿ ಬೇಕು, ಆ ಸಂಖ್ಯೆ ಪ್ಯಾಕೆಟಿನ ಮೇಲೆ ಇರಬೇಕು. ಮೊದಲು ಅದನ್ನು ಮಾಡಿಸಿಕೊಂಡಳು.

ನಾಲ್ಕು ವಾರಗಳಲ್ಲಿ 40ರಲ್ಲಿ 17 ಪ್ಯಾಕೆಟು ಮಾರಾಟವಾಯಿತು. ಅದರಲ್ಲಿ 9 ಒಂದೇ ಅಂಗಡಿಯಲ್ಲಿ, ಬಸ್ ನಿಲ್ದಾಣದ ಹತ್ತಿರದ್ದು, ಬಾಡಿಗೆ ಕೋಣೆಗಳಲ್ಲಿರುವ ನೌಕರಸ್ಥ ಹೆಣ್ಣುಮಕ್ಕಳು ಬರುವ ಕಡೆ. ಇನ್ನೊಂದು ಅಂಗಡಿಯಿಂದ ವಾಪಸು ಬಂದ 6 ಪ್ಯಾಕೆಟುಗಳಲ್ಲಿ ಸಮೋಸಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು, ಕವರಿನ ಒಂದು ಮೂಲೆಯಲ್ಲಿ ನೀರು ಮಂಜುಗಡ್ಡೆಯಾಗಿ ನಿಂತಿತ್ತು. ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದ್ದರ ಗುರುತು ಅದು. ಕೊಳ್ಳುವವರಾಗಿ ನೀವೂ ಇದನ್ನು ನೋಡಿಕೊಳ್ಳಿ. ಬಿಡಿಬಿಡಿಯಾಗಿ ಅಲುಗಾಡುವ ಪ್ಯಾಕೆಟನ್ನೇ ತೆಗೆದುಕೊಳ್ಳಿ. ಅವಳು ಆ ಆರನ್ನೂ ಹೂತು ಹಾಕಿದಳು. ನಾಯಿಗೂ ಹಾಕಲಿಲ್ಲ. ಇಪ್ಪತ್ತರ ಬದಲು ಹತ್ತರ ಪ್ಯಾಕೆಟು ಇದ್ದರೆ ಕೊಡಿ ಎಂದು ಕೇಳಿದವರೂ ಇದ್ದರು. ಇದು ನನ್ನ ತಲೆಗೂ ಹೊಳೆದಿರಲಿಲ್ಲ, ಅವಳ ತಲೆಗೂ. ಲೆಕ್ಕ ಹಾಕುವವರ ಅಭಿಪ್ರಾಯಕ್ಕೂ ಒಂದು ಮಿತಿ ಇದೆ.

ಕೋಣೆಯ ಮುಂಗಡ ಕೊಡಲಿಲ್ಲ. ಬಳೆ ಅವಳ ಕೈಯಲ್ಲೇ ಇದೆ. ರಮಝಾನಿನದೇ ವ್ಯಾಪಾರ ಎಂದಾದರೆ ಅದನ್ನೇ ಸರಿಯಾಗಿ ಮಾಡುವುದು ಎಂದುಕೊಂಡು ಶಅಬಾನಿನಲ್ಲೇ ಅರ್ಧ ಹಣ ಮುಂಗಡ ಪಡೆದು ಆರ್ಡರು ಬರೆದುಕೊಂಡಳು. 260 ಪ್ಯಾಕೆಟಿಗೆ ಬಂತು. ಆ ಮುಂಗಡದಲ್ಲೇ ಕೋಳಿ, ಪಟ್ಟಿ ಕೊಂಡಳು. ಬಸ್ ನಿಲ್ದಾಣದ ಅಂಗಡಿಗೆ ಮಾತ್ರ ವರ್ಷವಿಡೀ ಹತ್ತರ ಪ್ಯಾಕೆಟು ಹೋಗುತ್ತದೆ. ಹಳೆಯದೊಂದು ಸಣ್ಣ ಫ್ರೀಜರ್ 15,000ಕ್ಕೆ ಸಿಕ್ಕಿತು. ಅದಕ್ಕೆ ನಾನು ಕರ್ಝ್ ಹಸನ್ ಕೊಟ್ಟೆ, ಲಾಭದ ಮಾತೇ ಇಲ್ಲದ ಸಾಲ. ಗೆಳತಿಯರ ನಡುವೆ ಬರಹ ಏಕೆ ಎಂದು ಅವಳಿಗೆ ಮುಜುಗರವಾಯಿತು. ಸಾಲವನ್ನು ಅವಧಿ ಸಹಿತ ಬರೆದಿಡಿ, ಸಾಕ್ಷಿಗಳನ್ನು ಇಟ್ಟುಕೊಳ್ಳಿ ಎಂದು ಹೇಳುವ ಅಲ್ ಬಕರದ 282ನೇ ವಚನವು ಕುರ್‌ಆನಿನ ಅತಿ ದೀರ್ಘ ವಚನ ಎಂದು ನೆನಪಿಸಿದೆ. ಅವಳ ನಾದಿನಿ ಮತ್ತು ನಮ್ಮವರು ಸೇರಿ ಮೂವರ ಸಾಕ್ಷಿ ಹಾಕಿಸಿದೆವು. ಮೂರನೆಯವರು ಅವಳ ಪತಿ. "ಹದಿನೈದು ಸಾವಿರಕ್ಕೆ ಮೂರು ಸಾಕ್ಷಿ!" ಎಂದು ಅವರು ನಕ್ಕರು.

ಅವಳು ನನ್ನೊಂದಿಗೆ ಮೊದಲಿನಂತೆಯೇ ಇದ್ದಾಳೆಯೇ ಎಂದು ನೀವು ಕೇಳಬಹುದು. ಒಂದೆರಡು ತಿಂಗಳು ಮಾತು ಸ್ವಲ್ಪ ಕಡಿಮೆ ಇತ್ತು. ಮದುವೆಯೊಂದರಲ್ಲಿ ಎದುರಾದಾಗ ಸಲಾಮ್ ಹೇಳಿ ಮುಂದೆ ಹೋದಳು. ಅದು ಆಗುವಂಥದ್ದೇ. ಕನಸಿಗೆ ಲೆಕ್ಕ ಹಾಕಿದವರ ಮೇಲೆ ಯಾರಿಗೂ ತಕ್ಷಣ ಪ್ರೀತಿ ಉಕ್ಕುವುದಿಲ್ಲ.

ಕಳೆದ ತಿಂಗಳು ಸೌದಿಯಲ್ಲಿರುವ ಅವಳ ಭಾವ ಫೋನ್ ಮಾಡಿದರು. ಈ ಸಲ ಅವಳು ಹತ್ತರ ಪ್ಯಾಕೆಟನ್ನು ಇನ್ನೂ ಮೂರು ಬಸ್ ನಿಲ್ದಾಣಗಳ ಅಂಗಡಿಗೆ ಕೊಡುವ ಯೋಚನೆಯಲ್ಲಿದ್ದಾಳೆ, ಅವರಲ್ಲಿ 60,000 ಕೇಳಿದ್ದಾಳೆ. "ಟೀಚರ್, ನೀವು ಅವಳ ಲೆಕ್ಕ ನೋಡಿದವರು. ಹಾಕಬಹುದೇ? ಮುಚ್ಚುಮರೆ ಇಲ್ಲದೆ ಹೇಳಿ" ಎಂದರು. ಗೆಳತಿಯ ಬೆನ್ನ ಹಿಂದೆ ಮಾತನಾಡುವುದು ಗೀಬತ್ ಆಗುವುದಿಲ್ಲವೇ ಎಂಬ ಅಳುಕು ಒಂದು ಕ್ಷಣ ಬಂತು. ಆಗ ನೆನಪಾದದ್ದು ಫಾತಿಮ ಬಿಂತ್ ಕೈಸ್(ರ) ಅವರ ಪ್ರಸಂಗ. ತಮ್ಮನ್ನು ವಿವಾಹವಾಗಲು ಇಬ್ಬರು ಕೇಳಿದ್ದಾರೆಂದು ಅವರು ಬಂದು ತಿಳಿಸಿದಾಗ, ಪ್ರವಾದಿ(ಸ) ಒಬ್ಬರ ಬಡತನವನ್ನೂ ಇನ್ನೊಬ್ಬರ ಸ್ವಭಾವವನ್ನೂ ಇದ್ದದ್ದು ಇದ್ದ ಹಾಗೆ ಹೇಳಿ, ಉಸಾಮ(ರ)ರನ್ನು ವಿವಾಹವಾಗಲು ಸೂಚಿಸಿದರು. ಸಲಹೆ ಕೇಳಿದಾಗ ಬೇಕಾದಷ್ಟನ್ನು ಹೇಳುವುದು ಪರದೂಷಣೆಯಲ್ಲ ಎಂದು ವಿದ್ವಾಂಸರು ಇದನ್ನೇ ಆಧಾರವಾಗಿ ತೋರಿಸುತ್ತಾರೆ. ಬೇಕಾದಷ್ಟನ್ನು, ಅದಕ್ಕಿಂತ ಹೆಚ್ಚಲ್ಲ.

"ನನ್ನ 15,000ದಲ್ಲಿ 9,000 ಹೇಳಿದ ದಿನಕ್ಕೇ ಬಂದಿದೆ, 6,000 ಬಾಕಿ ಇದೆ, ಅವಧಿ ಇನ್ನೂ ಮೀರಿಲ್ಲ" ಎಂದೆ. "ಬಸ್ ನಿಲ್ದಾಣದ ಅಂಗಡಿಯಲ್ಲಿ ಅವಳ ಪ್ಯಾಕೆಟು ಹೋಗುತ್ತದೆ. ಬೇರೆ ಮೂರು ಕಡೆ ಹೋಗುತ್ತದೆಯೇ ಎಂದು ಅವಳು ಇನ್ನೂ ನೋಡಿಲ್ಲ. ಅವಳ ಬಳಿ ಒಂದು ನೋಟ್ ಬುಕ್ ಇದೆ, ಫೋಟೊ ತೆಗೆದು ಕಳಿಸಲು ಹೇಳಿ."

"ಯಾವ ಪುಟ ಕೇಳಲಿ?" ಎಂದರು.

"ರಮಝಾನ್ ಬಿಟ್ಟು ಉಳಿದದ್ದು" ಎಂದೆ.